ಮೊತ್ತ ಒಂದೇ, ಖಜಾನೆ ಬೇರೆ: ಜಿಎಸ್‌ಟಿ ಬಿಲ್ಲಿನ ತೆರಿಗೆ ಹಂಚಿಕೆ ಸರಿಯಿದೆಯೇ?

ಜಿಎಸ್‌ಟಿ ಬಿಲ್ಲಿನ ಕೊನೆಯ ಭಾಗದಲ್ಲಿ ತೆರಿಗೆ ಎರಡು ಬಗೆಯಲ್ಲಿ ಕಾಣಿಸುತ್ತದೆ. ಮಾರಾಟ ರಾಜ್ಯದ ಒಳಗೇ ನಡೆದಿದ್ದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಸಾಲು. ರಾಜ್ಯದಿಂದ ರಾಜ್ಯಕ್ಕೆ ನಡೆದಿದ್ದರೆ ಐಜಿಎಸ್‌ಟಿ ಎಂದು ಒಂದೇ ಸಾಲು. ದರ ಶೇ 18 ಆಗಿದ್ದರೆ ಮೊದಲನೆಯದರಲ್ಲಿ 9 ಮತ್ತು 9, ಎರಡನೆಯದರಲ್ಲಿ ಒಟ್ಟಾಗಿ 18. ಕೊಳ್ಳುವವನು ಕೊಡುವ ಹಣ ಎರಡರಲ್ಲೂ ಅಷ್ಟೇ. ಹಾಗಾಗಿಯೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಬಿಲ್ಲಿನ ಮೊತ್ತವನ್ನು ಎಷ್ಟು ಸಲ ಕೂಡಿ ನೋಡಿದರೂ ಲೆಕ್ಕ ಸರಿಯಾಗಿಯೇ ಬರುತ್ತದೆ.

ವ್ಯತ್ಯಾಸ ಇರುವುದು ಆ ಹಣ ಯಾರ ಖಜಾನೆಗೆ ಹೋಗುತ್ತದೆ ಎಂಬುದರಲ್ಲಿ. ಸಿಜಿಎಸ್‌ಟಿ ಕೇಂದ್ರ ಸರ್ಕಾರದ ಪಾಲು, ಎಸ್‌ಜಿಎಸ್‌ಟಿ ಮಾರಾಟಗಾರ ಇರುವ ರಾಜ್ಯದ ಪಾಲು. ಐಜಿಎಸ್‌ಟಿಯನ್ನು ಕೇಂದ್ರ ಸಂಗ್ರಹಿಸಿ, ಅದರಲ್ಲಿ ರಾಜ್ಯಕ್ಕೆ ಸಲ್ಲಬೇಕಾದ ಭಾಗವನ್ನು ಸರಕು ಬಳಕೆಯಾಗುವ ರಾಜ್ಯಕ್ಕೆ ಕೊಡುತ್ತದೆ. 2017ರ ಜುಲೈ 1ರಂದು ಜಾರಿಗೆ ಬಂದ ಈ ಪದ್ಧತಿಯ ತಳಹದಿಯೇ ಅದು: ತೆರಿಗೆ ಸೇರಬೇಕಾದದ್ದು ಸರಕು ತಯಾರಾದ ರಾಜ್ಯಕ್ಕಲ್ಲ, ಬಳಕೆಯಾದ ರಾಜ್ಯಕ್ಕೆ. ಸ್ವಂತ ವಿಧಾನಸಭೆ ಇಲ್ಲದ ಚಂಡೀಗಢ, ಲಕ್ಷದ್ವೀಪದಂಥ ಕೇಂದ್ರಾಡಳಿತ ಪ್ರದೇಶಗಳಲ್ಲಿ ಎಸ್‌ಜಿಎಸ್‌ಟಿಯ ಜಾಗದಲ್ಲಿ ಯುಟಿಜಿಎಸ್‌ಟಿ ಎಂದು ಬರೆದಿರುತ್ತದೆ. ಹೆಸರು ಬೇರೆಯಾದರೂ ಲೆಕ್ಕದ ರೀತಿ ಅದೇ.

ಬಿಲ್ಲನ್ನು ಪರೀಕ್ಷಿಸುವಾಗ ಎರಡು ಸ್ಥಳಗಳನ್ನು ಹೋಲಿಸಬೇಕು. ಒಂದು, ಮಾರಾಟಗಾರ ಇರುವ ಸ್ಥಳ. ಇನ್ನೊಂದು, ಕಾನೂನು ‘ಪ್ಲೇಸ್ ಆಫ್ ಸಪ್ಲೈ’ ಎಂದು ಕರೆಯುವ ಪೂರೈಕೆಯ ಸ್ಥಳ. ಎರಡೂ ಒಂದೇ ರಾಜ್ಯದಲ್ಲಿದ್ದರೆ ತೆರಿಗೆ ಎರಡು ಭಾಗ, ಬೇರೆ ಬೇರೆ ರಾಜ್ಯಗಳಲ್ಲಿದ್ದರೆ ಐಜಿಎಸ್‌ಟಿ. ಮಾರಾಟಗಾರನ ಸ್ಥಳ ತಿಳಿಯುವುದು ಸುಲಭ. ಅವನ ಜಿಎಸ್‌ಟಿ ನೋಂದಣಿ ಸಂಖ್ಯೆಯಲ್ಲಿ 15 ಅಕ್ಷರ ಮತ್ತು ಅಂಕಿಗಳಿದ್ದು, ಮೊದಲ ಎರಡು ಅಂಕಿ ರಾಜ್ಯದ ಸಂಕೇತ, ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಕರ್ನಾಟಕಕ್ಕೆ 29. ನೆರೆಯವುಗಳಲ್ಲಿ ಮಹಾರಾಷ್ಟ್ರ 27, ಗೋವಾ 30, ಕೇರಳ 32, ತಮಿಳುನಾಡು 33, ತೆಲಂಗಾಣ 36, ಆಂಧ್ರಪ್ರದೇಶ 37. ಸಂಖ್ಯೆ ನಿಜವೇ, ಚಾಲ್ತಿಯಲ್ಲಿದೆಯೇ ಎಂಬುದನ್ನು gst.gov.in ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಅಲ್ಲಿ ಆ ವ್ಯಾಪಾರಿ ಕಾಂಪೊಸಿಷನ್ ಯೋಜನೆಯಲ್ಲಿದ್ದಾನೆಂದು ಕಂಡರೆ ಹಂಚಿಕೆಯ ಪ್ರಶ್ನೆಯೇ ಏಳುವುದಿಲ್ಲ. ಅಂಥವನು ಬಿಲ್ಲಿನಲ್ಲಿ ತೆರಿಗೆಯನ್ನೇ ಹಾಕುವಂತಿಲ್ಲ.

ತೊಡಕು ಇರುವುದು ಎರಡನೆಯ ಸ್ಥಳದಲ್ಲಿ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಮಾರುವವನ ಮತ್ತು ಕೊಳ್ಳುವವನ ನೋಂದಣಿ ಸಂಖ್ಯೆಗಳ ಮೊದಲೆರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ: 29 ಮತ್ತು 29 ಆದರೆ ಎರಡು ಸಾಲು, 27 ಮತ್ತು 29 ಆದರೆ ಒಂದು ಸಾಲು. ಹೆಚ್ಚಿನ ಬಿಲ್ಲುಗಳಿಗೆ ಈ ಅಡ್ಡದಾರಿ ಸರಿಹೋಗುತ್ತದೆ. ಆದರೆ ಕೊಳ್ಳುವವನ ಸಂಖ್ಯೆಯೇ ಪೂರೈಕೆಯ ಸ್ಥಳವಲ್ಲ. ಎರಡೂ ಕೂಡಿಬರದ ಸಂದರ್ಭಗಳಲ್ಲೇ ತಪ್ಪಾಗುವುದು.

ಮೊದಲು ಸರಳವಾದ ಒಂದು ಬಿಲ್ಲನ್ನು ನೋಡಬಹುದು. ಹುಬ್ಬಳ್ಳಿಯ ಒಬ್ಬ ಹಾರ್ಡ್‌ವೇರ್ ವ್ಯಾಪಾರಿ ಕೊಲ್ಹಾಪುರದ ಸಗಟು ವ್ಯಾಪಾರಿಯಿಂದ ಉಕ್ಕಿನ ಪೈಪು ತರಿಸಿಕೊಳ್ಳುತ್ತಾನೆ ಎಂದುಕೊಳ್ಳೋಣ. ಪೈಪಿನ ಬೆಲೆ 50,000 ರೂಪಾಯಿ. ಮನೆ ಬಾಗಿಲಿಗೆ ತಲುಪಿಸಲು ಒಪ್ಪಿಕೊಂಡ ಸಗಟು ವ್ಯಾಪಾರಿ ಲಾರಿ ಬಾಡಿಗೆ ಎಂದು ಅದೇ ಬಿಲ್ಲಿನಲ್ಲಿ 2,000 ರೂಪಾಯಿ ಸೇರಿಸುತ್ತಾನೆ. ಹೀಗೆ ಸೇರಿಸಿದ ಬಾಡಿಗೆಯೂ ಮಾರಾಟದ ಮೌಲ್ಯದ ಭಾಗವೇ. ಆದ್ದರಿಂದ ತೆರಿಗೆ ಬೀಳುವುದು 52,000 ರೂಪಾಯಿಯ ಮೇಲೆ. ಶೇ 18ರಂತೆ 9,360 ರೂಪಾಯಿ, ಒಟ್ಟು 61,360.

ಸರಕಿನ ಮಾರಾಟದಲ್ಲಿ ಪೂರೈಕೆಯ ಸ್ಥಳಕ್ಕೆ ಐಜಿಎಸ್‌ಟಿ ಕಾಯ್ದೆಯ 10ನೇ ಕಲಂ ಹೇಳುವ ಮೂಲ ನಿಯಮ ಇಷ್ಟು: ಕೊಳ್ಳುವವನಿಗೆ ಒಪ್ಪಿಸಲೆಂದು ಹೊರಟ ಸರಕಿನ ಪ್ರಯಾಣ ಎಲ್ಲಿ ಮುಗಿಯುತ್ತದೋ ಅದೇ ಪೂರೈಕೆಯ ಸ್ಥಳ. ಪೈಪಿನ ಪ್ರಯಾಣ ಮುಗಿಯುವುದು ಹುಬ್ಬಳ್ಳಿಯಲ್ಲಿ. ಮಾರಾಟಗಾರ ಮಹಾರಾಷ್ಟ್ರದವನು, ಪೂರೈಕೆಯ ಸ್ಥಳ ಕರ್ನಾಟಕ. ಬಿಲ್ಲಿನಲ್ಲಿ ಇರಬೇಕಾದದ್ದು ಐಜಿಎಸ್‌ಟಿ 9,360. ಸರಕನ್ನು ಸಾಗಿಸಿದವರು ಯಾರು ಎಂಬುದು ಇಲ್ಲಿ ಮುಖ್ಯವಲ್ಲ. ಹುಬ್ಬಳ್ಳಿಯವನು ತನ್ನದೇ ಟೆಂಪೊ ಕಳಿಸಿ ಪೈಪು ಹೇರಿಸಿಕೊಂಡು ಬಂದರೂ ಕಾನೂನು ಅದನ್ನು ಸರಕಿನ ಪ್ರಯಾಣ ಎಂದೇ ಎಣಿಸುತ್ತದೆ. ‘ನಮ್ಮ ಗೋದಾಮಿನಲ್ಲೇ ಮಾಲು ಒಪ್ಪಿಸಿದ್ದೇವೆ, ಹಾಗಾಗಿ ಇದು ಲೋಕಲ್ ಬಿಲ್’ ಎಂಬ ಸಬೂಬು ಇಂಥಲ್ಲಿ ನಿಲ್ಲುವುದು ಕಷ್ಟ.

ಈಗ ಅದೇ ಬಿಲ್ಲು ತಪ್ಪಾಗಿ ಬಂತೆನ್ನಿ: ಸಿಜಿಎಸ್‌ಟಿ 4,680, ಎಸ್‌ಜಿಎಸ್‌ಟಿ 4,680. ಒಟ್ಟು ಮೊತ್ತ ಆಗಲೂ 61,360. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಗಿರಾಕಿಯ ವಿವರ ತುಂಬುವಾಗ ರಾಜ್ಯದ ಜಾಗವನ್ನು ಖಾಲಿ ಬಿಟ್ಟರೆ ಅಥವಾ ಅಲ್ಲಿ ಮೊದಲೇ ಕೂತಿರುವ ಸ್ವಂತ ರಾಜ್ಯದ ಹೆಸರನ್ನು ಬದಲಿಸದಿದ್ದರೆ ಇಂಥ ಬಿಲ್ಲು ಹುಟ್ಟುತ್ತದೆ. ಅದನ್ನು ಗುರುತಿಸಲು ತೆರಿಗೆ ಪಂಡಿತರೇ ಬೇಕಿಲ್ಲ. ಬಿಲ್ಲಿನ ತಲೆಯಲ್ಲಿ 27ರಿಂದ ಶುರುವಾಗುವ ಸಂಖ್ಯೆ, ಸರಕು ತಲುಪಿದ್ದು ಹುಬ್ಬಳ್ಳಿಗೆ, ಕೆಳಗೆ ಎಸ್‌ಜಿಎಸ್‌ಟಿ. ಆ ಎಸ್‌ಜಿಎಸ್‌ಟಿ ಮಹಾರಾಷ್ಟ್ರದ್ದು, ಕರ್ನಾಟಕದ್ದಲ್ಲ. ಪೂರೈಕೆಯ ಸ್ಥಳ ಎಂಬ ಸಾಲಿನಲ್ಲಿ ಏನಿದೆ ಎಂದು ನೋಡಿದರೆ ತಪ್ಪು ಹೊಕ್ಕ ದಾರಿಯೂ ತಿಳಿಯುತ್ತದೆ. ಅಂತರರಾಜ್ಯ ಮಾರಾಟದ ಬಿಲ್ಲಿನಲ್ಲಿ ಈ ಸ್ಥಳವನ್ನು ರಾಜ್ಯದ ಹೆಸರಿನೊಂದಿಗೆ ನಮೂದಿಸುವುದು ಕಡ್ಡಾಯ.

ಇದರಿಂದ ಹುಬ್ಬಳ್ಳಿಯವನಿಗೆ ಆಗುವ ನಷ್ಟ ಬರೀ ಕಾಗದದ್ದಲ್ಲ. ಅವನು ಆ ಪೈಪನ್ನು ಊರಲ್ಲೇ 60,000 ರೂಪಾಯಿಗೆ ಮಾರಿ, ಗಿರಾಕಿಯಿಂದ ಸಿಜಿಎಸ್‌ಟಿ 5,400 ಮತ್ತು ಎಸ್‌ಜಿಎಸ್‌ಟಿ 5,400 ಸೇರಿ 10,800 ರೂಪಾಯಿ ತೆರಿಗೆ ಪಡೆಯುತ್ತಾನೆ. ಖರೀದಿಯ ಬಿಲ್ಲು ಸರಿಯಾಗಿದ್ದರೆ ಅದರಲ್ಲಿನ 9,360 ರೂಪಾಯಿ ಐಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಈ ಎರಡೂ ತೆರಿಗೆಗಳ ಎದುರು ಕಳೆದುಕೊಳ್ಳಬಹುದು. ಆಗ ಕೈಯಿಂದ ಕಟ್ಟಬೇಕಾದದ್ದು 1,440 ರೂಪಾಯಿ ಮಾತ್ರ. ಬಿಲ್ಲಿನಲ್ಲಿ ಮಹಾರಾಷ್ಟ್ರದ ಎಸ್‌ಜಿಎಸ್‌ಟಿ ಬಿದ್ದಿದ್ದರೆ ಪೂರ್ತಿ 10,800 ಕಟ್ಟಬೇಕಾಗುತ್ತದೆ. ಒಂದು ರಾಜ್ಯಕ್ಕೆ ಕಟ್ಟಿದ ಎಸ್‌ಜಿಎಸ್‌ಟಿಯನ್ನು ಇನ್ನೊಂದು ರಾಜ್ಯದಲ್ಲಿ ಬಳಸಲು ಬರುವುದಿಲ್ಲ. ಅದರ ಜೊತೆಗಿರುವ ಸಿಜಿಎಸ್‌ಟಿ ಕೂಡ ಅವನಿಗೆ ಸಿಗುವುದಿಲ್ಲ.

ಬಿಲ್ಲು ಕೈಗೆ ಬಂದಾಗ ತಪ್ಪಿಹೋದದ್ದು ಮುಂದಿನ ತಿಂಗಳು ಪೋರ್ಟಲಿನಲ್ಲಿ ಸಿಕ್ಕಿಬೀಳುತ್ತದೆ. ಮಾರಾಟಗಾರ ಸಲ್ಲಿಸಿದ ಮಾಹಿತಿಯಿಂದ ಕೊಳ್ಳುವವನಿಗೆಂದು ತಯಾರಾಗುವ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿಯಲ್ಲಿ ಕ್ರೆಡಿಟ್ ಸಿಗುವ ಬಿಲ್ಲುಗಳು ಒಂದು ಕಡೆ, ಸಿಗದವು ಇನ್ನೊಂದು ಕಡೆ ಇರುತ್ತವೆ. ಪೂರೈಕೆಯ ಸ್ಥಳವೂ ಮಾರಾಟಗಾರನ ರಾಜ್ಯವೂ ಒಂದೇ ಆಗಿದ್ದು, ಕೊಳ್ಳುವವನ ರಾಜ್ಯ ಬೇರೆಯಾಗಿದ್ದರೆ ಆ ಬಿಲ್ಲು ತಾನಾಗಿಯೇ ‘ಸಿಗದವು’ ಭಾಗಕ್ಕೆ ಹೋಗುತ್ತದೆ, ಕಾರಣವೂ ಅಲ್ಲೇ ಬರೆದಿರುತ್ತದೆ. ಲೆಕ್ಕ ಬರೆಯುವವರು ಮೇಲಿನ ಭಾಗವನ್ನಷ್ಟೇ ನೋಡಿ ಪುಟ ಮುಚ್ಚುವ ರೂಢಿ ಇರುವುದರಿಂದ ಕೆಳಗಿನ ಈ ಭಾಗ ಎಷ್ಟೋ ಸಲ ವರ್ಷದ ಕೊನೆಯವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಸರಕು ಒಂದು ಕಡೆ, ಬಿಲ್ಲು ಇನ್ನೊಂದು ಕಡೆ ಹೋಗುವ ವ್ಯವಹಾರದಲ್ಲಿ ಗೊಂದಲ ಹೆಚ್ಚು. ಅದೇ ಹುಬ್ಬಳ್ಳಿ ವ್ಯಾಪಾರಿಗೆ ಸಾಂಗ್ಲಿಯ ಒಬ್ಬ ಗುತ್ತಿಗೆದಾರನಿಂದ ಪೈಪಿಗೆ ಆರ್ಡರ್ ಬರುತ್ತದೆ. ಪೈಪನ್ನು ಹುಬ್ಬಳ್ಳಿಗೆ ತರಿಸಿ ಮತ್ತೆ ಸಾಂಗ್ಲಿಗೆ ಕಳಿಸುವುದು ದಂಡದ ಖರ್ಚು. ಹಾಗಾಗಿ ಅವನು ಕೊಲ್ಹಾಪುರದವನಿಗೆ ‘ಬಿಲ್ ನನ್ನ ಹೆಸರಿಗೆ ಮಾಡಿ, ಮಾಲು ನೇರ ಸಾಂಗ್ಲಿಗೆ ಕಳಿಸಿ’ ಎನ್ನುತ್ತಾನೆ. ಕೊಲ್ಹಾಪುರ, ಸಾಂಗ್ಲಿ ಎರಡೂ ಮಹಾರಾಷ್ಟ್ರದಲ್ಲೇ ಇವೆ. ಪೈಪು ರಾಜ್ಯದ ಗಡಿಯನ್ನು ಮುಟ್ಟುವುದೇ ಇಲ್ಲ. ಲಾರಿಯ ದಾರಿ ನೋಡಿದವರು ಕೊಲ್ಹಾಪುರದವನ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಇರಬೇಕು ಎನ್ನುತ್ತಾರೆ. ಅದು ತಪ್ಪು.

ಇಲ್ಲಿ ನಡೆದಿರುವುದು ಒಂದು ಮಾರಾಟವಲ್ಲ, ಎರಡು. ಕೊಲ್ಹಾಪುರದವನು ಹುಬ್ಬಳ್ಳಿಯವನಿಗೆ ಮಾರಿದ್ದು ಮೊದಲನೆಯದು, ಹುಬ್ಬಳ್ಳಿಯವನು ಸಾಂಗ್ಲಿಯವನಿಗೆ ಮಾರಿದ್ದು ಎರಡನೆಯದು. ಮೂರನೆಯವನೊಬ್ಬನ ಸೂಚನೆಯಂತೆ ಸರಕನ್ನು ಬೇರೊಬ್ಬನಿಗೆ ಒಪ್ಪಿಸಿದಾಗ, ಆ ಸೂಚನೆ ಕೊಟ್ಟವನೇ ಸರಕನ್ನು ಪಡೆದ ಹಾಗೆ ಎಂದು 10ನೇ ಕಲಮಿನ ಎರಡನೆಯ ನಿಯಮ ಭಾವಿಸುತ್ತದೆ. ಆಗ ಪೂರೈಕೆಯ ಸ್ಥಳ ಅವನ ವ್ಯಾಪಾರದ ಮುಖ್ಯ ಸ್ಥಳ, ಅಂದರೆ ಹುಬ್ಬಳ್ಳಿ. ಆದ್ದರಿಂದ ಕೊಲ್ಹಾಪುರದ ಬಿಲ್ಲಿನಲ್ಲಿ ಐಜಿಎಸ್‌ಟಿ. ಎರಡನೆಯ ಮಾರಾಟದಲ್ಲಿ ಮಾರಾಟಗಾರ ಕರ್ನಾಟಕದವನು, ಸರಕಿನ ಪ್ರಯಾಣ ಮುಗಿದದ್ದು ಸಾಂಗ್ಲಿಯಲ್ಲಿ. ಅಲ್ಲೂ ಐಜಿಎಸ್‌ಟಿಯೇ. ಗಡಿ ದಾಟದ ಪೈಪಿನ ಮೇಲೆ ಎರಡು ಅಂತರರಾಜ್ಯ ಬಿಲ್ಲುಗಳು ಆಗುತ್ತವೆ, ಎರಡೂ ಸರಿಯೇ.

ಇಂಥ ಬಿಲ್ಲಿನಲ್ಲಿ ‘ಬಿಲ್ ಟು’ ಎಂದು ಹುಬ್ಬಳ್ಳಿಯ ವಿಳಾಸ, ‘ಶಿಪ್ ಟು’ ಎಂದು ಸಾಂಗ್ಲಿಯ ವಿಳಾಸ ಎರಡೂ ಇರಬೇಕು. ಲಾರಿಯ ಜೊತೆ ಇ-ವೇ ಬಿಲ್ಲು ಹೋಗುವುದಿದ್ದರೆ ಅದರಲ್ಲೂ ಹಾಗೆಯೇ ತುಂಬಬೇಕು. ಪರೀಕ್ಷಿಸುವವರು ನೋಡಬೇಕಾದದ್ದು ಬಿಲ್ ಟು ವಿಳಾಸದ ರಾಜ್ಯವನ್ನು. ಶಿಪ್ ಟು ನೋಡಿ ತೆರಿಗೆ ಹಾಕಿದ್ದರೆ ಹುಬ್ಬಳ್ಳಿಯವನ ಕ್ರೆಡಿಟ್ ಹೋಯಿತೆಂದೇ ಲೆಕ್ಕ.

ಹಲವು ರಾಜ್ಯಗಳಲ್ಲಿ ನೋಂದಣಿ ಇರುವ ಕಂಪನಿಗಳು ಇದೇ ನಿಯಮದಿಂದ ಇನ್ನೊಂದು ರೀತಿಯಲ್ಲಿ ತೊಂದರೆಗೆ ಸಿಕ್ಕಿಕೊಳ್ಳುತ್ತವೆ. ತುಮಕೂರಿನ ಕಾರ್ಖಾನೆಗೆ ಬೆಂಗಳೂರಿನಿಂದ ಸರಕು ತರಿಸುವಾಗ ಆರ್ಡರಿನಲ್ಲಿ ಮುಂಬೈ ಪ್ರಧಾನ ಕಚೇರಿಯ ಸಂಖ್ಯೆ ಬರೆದುಬಿಟ್ಟರೆ ಬಿಲ್ಲು 27ರ ಸಂಖ್ಯೆಗೆ, ಐಜಿಎಸ್‌ಟಿಯೊಂದಿಗೆ ಬರುತ್ತದೆ. ಕ್ರೆಡಿಟ್ ಮುಂಬೈ ಖಾತೆ ಸೇರುತ್ತದೆ, ಸರಕು ಬಳಸುವ ತುಮಕೂರಿನ ಖಾತೆ ಬರಿದಾಗಿ ಉಳಿಯುತ್ತದೆ. ಒಂದೇ ಪ್ಯಾನ್ ಇದ್ದರೂ ಪ್ರತಿ ರಾಜ್ಯದ ನೋಂದಣಿಯನ್ನು ಕಾನೂನು ಬೇರೆ ಬೇರೆ ವ್ಯಕ್ತಿಯಂತೆಯೇ ನೋಡುತ್ತದೆ. ಇಲ್ಲಿ ತಪ್ಪು ಬಿಲ್ಲು ಬರೆದವನದಲ್ಲ, ಸಂಖ್ಯೆ ಕೊಟ್ಟವರದು.

ಜಿಎಸ್‌ಟಿ ನೋಂದಣಿ ಇಲ್ಲದ ಸಾಮಾನ್ಯ ಗಿರಾಕಿಗೆ ಕ್ರೆಡಿಟ್ಟಿನ ಹಂಗಿಲ್ಲ. ಅವನ ಬಿಲ್ಲಿನಲ್ಲಿ ಹಂಚಿಕೆ ತಪ್ಪಿದರೆ ಅದರ ಹೊರೆ ಬೀಳುವುದು ಮಾರಾಟಗಾರನ ಮೇಲೆ. ಗಡಿಯ ಊರುಗಳಲ್ಲಿ ಈ ಪ್ರಶ್ನೆ ದಿನವೂ ಏಳುತ್ತದೆ. ಕಾಸರಗೋಡಿನ ಒಬ್ಬರು ಮಂಗಳೂರಿನ ಅಂಗಡಿಗೆ ಬಂದು 3,000 ರೂಪಾಯಿಯ ಸೀಲಿಂಗ್ ಫ್ಯಾನ್ ಕೊಂಡು ಬಸ್ಸಿನಲ್ಲಿ ಒಯ್ದರೆ 540 ರೂಪಾಯಿ ತೆರಿಗೆ ಯಾವ ರೂಪದ್ದು? 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಇದಕ್ಕೆ ನೇರ ಉತ್ತರ ಕೊಡುತ್ತದೆ. ನೋಂದಣಿ ಇಲ್ಲದ ಗಿರಾಕಿಯ ವಿಳಾಸ ಬಿಲ್ಲಿನಲ್ಲಿದ್ದರೆ ಆ ವಿಳಾಸದ ರಾಜ್ಯವೇ ಪೂರೈಕೆಯ ಸ್ಥಳ. ಪೂರ್ತಿ ವಿಳಾಸ ಬೇಕೆಂದಿಲ್ಲ, ರಾಜ್ಯದ ಹೆಸರು ಬರೆದಿದ್ದರೂ ಸಾಕು. ಏನೂ ಬರೆಯದಿದ್ದರೆ ಮಾರಾಟಗಾರನ ಸ್ಥಳವೇ ಪೂರೈಕೆಯ ಸ್ಥಳ. ಹಾಗಾಗಿ ಬಿಲ್ಲಿನಲ್ಲಿ ಕೇರಳ ಎಂದಿದ್ದರೆ ಐಜಿಎಸ್‌ಟಿ 540, ವಿಳಾಸವೇ ಇಲ್ಲದ ಕೌಂಟರ್ ಬಿಲ್ಲಾದರೆ 270 ಮತ್ತು 270. ಕೇರಳದ ವಿಳಾಸ ಬರೆದು ಎರಡು ಸಾಲು ತೆರಿಗೆ ಹಾಕಿದ ಬಿಲ್ಲು ತನ್ನ ತಪ್ಪನ್ನು ತಾನೇ ಹೇಳುತ್ತದೆ.

ಆನ್‌ಲೈನ್ ಖರೀದಿಯಲ್ಲಿ ಬಿಲ್ಲಿನ ವಿಳಾಸ ಒಂದು, ತಲುಪಿಸುವ ವಿಳಾಸ ಇನ್ನೊಂದು ಇರುವುದುಂಟು. ಬೆಂಗಳೂರಿನಲ್ಲಿರುವ ಮಗಳು ಕಾಸರಗೋಡಿನ ತಾಯಿಗೆ ಮಿಕ್ಸಿ ಕಳಿಸಿದಂತೆ. ಅಂಥಲ್ಲಿ ತಲುಪಿಸುವ ವಿಳಾಸವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು 2024ರ ಜೂನ್‌ನ ಸುತ್ತೋಲೆ ಸ್ಪಷ್ಟಪಡಿಸಿದೆ. ನೋಂದಣಿ ಇರುವ ವ್ಯಾಪಾರಿಗಳ ನಡುವಿನ ಬಿಲ್ ಟು ನಿಯಮಕ್ಕೆ ಇದು ತೀರಾ ತದ್ವಿರುದ್ಧ. ಎರಡನ್ನೂ ಬೆರೆಸಬಾರದು.

ಸೇವೆಗಳಲ್ಲಿ ಸಾಗುವ ಸರಕು ಇರುವುದಿಲ್ಲವಾದ್ದರಿಂದ ಸ್ಥಳವನ್ನು ಬೇರೆ ಬಗೆಯಲ್ಲಿ ಗೊತ್ತುಮಾಡುತ್ತಾರೆ. ಸಾಮಾನ್ಯ ನಿಯಮದಂತೆ ಸೇವೆ ಪಡೆಯುವವನಿಗೆ ನೋಂದಣಿ ಇದ್ದರೆ ಅವನ ಸ್ಥಳವೇ ಪೂರೈಕೆಯ ಸ್ಥಳ. ಬೆಂಗಳೂರಿನ ಆಡಿಟರ್ ಹೊಸೂರಿನ ಕಾರ್ಖಾನೆಗೆ 20,000 ರೂಪಾಯಿ ಫೀಸಿನ ಬಿಲ್ಲು ಕೊಟ್ಟರೆ, ಕೆಲಸವನ್ನೆಲ್ಲ ಬೆಂಗಳೂರಿನ ಕಚೇರಿಯಲ್ಲೇ ಕೂತು ಮಾಡಿದ್ದರೂ ಐಜಿಎಸ್‌ಟಿ 3,600 ಹಾಕಬೇಕು. ಆದರೆ ಈ ನಿಯಮಕ್ಕೆ ಹಲವು ಅಪವಾದಗಳಿವೆ. ಹೆಚ್ಚು ಜಗಳಕ್ಕೆ ಕಾರಣವಾಗುವುದು ಹೋಟೆಲ್ ವಾಸ್ತವ್ಯ.

ಕಟ್ಟಡ, ಜಮೀನಿಗೆ ಅಂಟಿಕೊಂಡ ಸೇವೆಗಳಿಗೆ ಆ ಆಸ್ತಿ ಇರುವ ಜಾಗವೇ ಪೂರೈಕೆಯ ಸ್ಥಳ, ಹೋಟೆಲ್ ಕೋಣೆಯೂ ಅದರಲ್ಲಿ ಸೇರಿದೆ. ಚೆನ್ನೈ ಕಂಪನಿಯ ನೌಕರರೊಬ್ಬರು ಮೈಸೂರಿನಲ್ಲಿ ದಿನಕ್ಕೆ 8,000 ರೂಪಾಯಿಯ ಕೋಣೆಯಲ್ಲಿ ಒಂದು ರಾತ್ರಿ ತಂಗಿ, ಕಂಪನಿಯ 33ರ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುತ್ತಾರೆ. ಹೋಟೆಲ್ ಮೈಸೂರಿನದು, ಕೋಣೆಯೂ ಮೈಸೂರಿನಲ್ಲೇ. ಆದ್ದರಿಂದ ಸಿಜಿಎಸ್‌ಟಿ 720, ಕರ್ನಾಟಕದ ಎಸ್‌ಜಿಎಸ್‌ಟಿ 720. ಚೆನ್ನೈ ಲೆಕ್ಕಪತ್ರ ವಿಭಾಗ ಅದನ್ನು ಕಂಡು ಐಜಿಎಸ್‌ಟಿ ಬಿಲ್ಲು ಬೇಕೆಂದು ಕೇಳುವುದುಂಟು, ಹೋಟೆಲಿನವರು ಗಿರಾಕಿಯನ್ನು ಉಳಿಸಿಕೊಳ್ಳಲು ಬದಲಿಸಿ ಕೊಡುವುದೂ ಉಂಟು. ಹಾಗೆ ಬದಲಿಸಿದ ಬಿಲ್ಲೇ ತಪ್ಪು ಬಿಲ್ಲು. ಚೆನ್ನೈ ಕಂಪನಿಗೆ ಆ 1,440 ರೂಪಾಯಿಯ ಕ್ರೆಡಿಟ್ ಸಿಗುವುದಿಲ್ಲ, ಅದನ್ನು ಪ್ರಯಾಣದ ಖರ್ಚೆಂದೇ ಬರೆದುಕೊಳ್ಳಬೇಕು. ಈ ಹಣ ಹೀಗೆ ಸುಮ್ಮನೆ ಕರಗುವುದು ನ್ಯಾಯವೇ ಎಂಬ ಪ್ರಶ್ನೆ ಬೇರೆ. ಕಾನೂನು ಇರುವುದು ಹೀಗೆ.

ರಾಜ್ಯಗಳ ಲೆಕ್ಕಕ್ಕೇ ಒಳಪಡದ ಇನ್ನೊಂದು ಜಾಗ ವಿಶೇಷ ಆರ್ಥಿಕ ವಲಯ. ಮಂಗಳೂರಿನ ವ್ಯಾಪಾರಿ ಮಂಗಳೂರಿನದೇ ವಿಶೇಷ ಆರ್ಥಿಕ ವಲಯದೊಳಗಿನ ಘಟಕಕ್ಕೆ ಸರಕು ಕೊಟ್ಟರೂ ಅದು ಅಂತರರಾಜ್ಯ ಮಾರಾಟವೇ. ಎರಡೂ ಸಂಖ್ಯೆಗಳು 29ರಿಂದ ಶುರುವಾದರೂ ಬಿಲ್ಲಿನಲ್ಲಿ ಐಜಿಎಸ್‌ಟಿ ಇರಬೇಕು, ಇಲ್ಲವೇ ಮಾರಾಟಗಾರ ಮೊದಲೇ ಮುಚ್ಚಳಿಕೆ ಪತ್ರ ಸಲ್ಲಿಸಿದ್ದರೆ ತೆರಿಗೆಯೇ ಇಲ್ಲದ ಬಿಲ್ಲಾಗಿರಬೇಕು. ಎರಡು ಸಾಲಿನ ತೆರಿಗೆಗೆ ಅಲ್ಲಿ ಜಾಗವಿಲ್ಲ.

ತಪ್ಪು ಕಂಡಾಗ ತಿದ್ದುವುದು ಮಾರಾಟಗಾರನ ಕೆಲಸ, ಕೊಳ್ಳುವವನು ಮಾಡಬಹುದಾದದ್ದು ಬೇಗ ಹೇಳುವುದು. ಪ್ರತಿ ತಿಂಗಳು ಲೆಕ್ಕ ಕೊಡುವ ಮಾರಾಟಗಾರ ಹಿಂದಿನ ತಿಂಗಳ ಬಿಲ್ಲುಗಳನ್ನು ಜಿಎಸ್‌ಟಿಆರ್-1ರಲ್ಲಿ ತೋರಿಸಲು 11ನೇ ತಾರೀಖು ಕೊನೆಯ ದಿನ. ಅದಕ್ಕೆ ಮೊದಲೇ ಪತ್ರವೋ ಮೇಲೋ ತಲುಪಿದರೆ ಸರಿಯಾದ ಬಿಲ್ಲು ಮಾಡಿಕೊಡುವುದು ಸುಲಭ. ಆಮೇಲಾದರೆ ಮುಂದಿನ ತಿಂಗಳ ಲೆಕ್ಕದಲ್ಲಿ ತಿದ್ದುಪಡಿ ಮಾಡಬೇಕು ಅಥವಾ ಹಳೆಯ ಬಿಲ್ಲಿಗೆ ಕ್ರೆಡಿಟ್ ನೋಟ್ ಕೊಟ್ಟು ಹೊಸ ಬಿಲ್ಲು ಬರೆಯಬೇಕು. ಇದಕ್ಕಿರುವ ಗಡುವು ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30. ಕೊಳ್ಳುವವನು ಕ್ರೆಡಿಟ್ ಪಡೆಯುವುದಕ್ಕೂ ಸಾಮಾನ್ಯವಾಗಿ ಅದೇ ಗಡುವು. ಅದು ದಾಟಿದ ಮೇಲೆ ಮಾರಾಟಗಾರ ತನ್ನ ತೆರಿಗೆಯನ್ನು ಸರಿಪಡಿಸಿಕೊಂಡರೂ ಕೊಂಡವನ ಪಾಲಿಗೆ ಕಾಲ ಮಿಂಚಿರುತ್ತದೆ.

ತಪ್ಪು ಖಜಾನೆಗೆ ಹೋದ ಹಣ ಮಾರಾಟಗಾರನಿಗೆ ಮುಳುಗಿ ಹೋಗುವುದಿಲ್ಲ. ಸಿಜಿಎಸ್‌ಟಿ ಕಾಯ್ದೆಯ 77ನೇ ಕಲಂ ಮತ್ತು ಐಜಿಎಸ್‌ಟಿ ಕಾಯ್ದೆಯ 19ನೇ ಕಲಂ ಇದಕ್ಕೆಂದೇ ಇವೆ. ಕೊಲ್ಹಾಪುರದ ವ್ಯಾಪಾರಿ 4,680 ಮತ್ತು 4,680 ಕಟ್ಟಿದ ಮೇಲೆ ತಪ್ಪು ತಿಳಿದರೆ, ಮೊದಲು 9,360 ರೂಪಾಯಿ ಐಜಿಎಸ್‌ಟಿಯನ್ನು ಹೊಸದಾಗಿ ಕಟ್ಟಬೇಕು. ತಡವಾಯಿತೆಂದು ಅದರ ಮೇಲೆ ಬಡ್ಡಿ ಬೀಳುವುದಿಲ್ಲ. ಆಮೇಲೆ ಹಿಂದೆ ಕಟ್ಟಿದ ಎರಡನ್ನೂ ವಾಪಸು ಕೇಳಬಹುದು. ಅರ್ಜಿಗೆ ಐಜಿಎಸ್‌ಟಿ ಕಟ್ಟಿದ ದಿನದಿಂದ ಎರಡು ವರ್ಷ ಅವಕಾಶವಿದೆ. ತಪ್ಪನ್ನು ಅಧಿಕಾರಿಯೇ ಹಿಡಿಯಬೇಕೆಂದಿಲ್ಲ, ವ್ಯಾಪಾರಿ ತಾನೇ ಕಂಡುಕೊಂಡರೂ ಈ ದಾರಿ ತೆರೆದಿರುತ್ತದೆ ಎಂದು 2021ರ ಸೆಪ್ಟೆಂಬರ್‌ನ ಸುತ್ತೋಲೆ ಹೇಳಿದೆ. ಆದರೆ ಕ್ರೆಡಿಟ್ ನೋಟ್ ಮೂಲಕ ಆ ತೆರಿಗೆಯನ್ನು ಆಗಲೇ ಸರಿಹೊಂದಿಸಿಕೊಂಡಿದ್ದರೆ ಅದೇ ಹಣಕ್ಕೆ ಮತ್ತೆ ಅರ್ಜಿ ಹಾಕುವಂತಿಲ್ಲ. ಮರುಪಾವತಿ ಬರುವವರೆಗೆ ಒಂದೇ ಮಾರಾಟದ ಮೇಲೆ ಎರಡು ಸಲ ಕಟ್ಟಿದ 18,720 ರೂಪಾಯಿ ಅವನ ಕೈಯಿಂದ ಹೊರಗಿರುತ್ತದೆ.